ತಿಂಗಳಾದರೂ ಮಾಯದ ಮುಖದ ಗಾಯ: ನಿಮಗಿದು ಗೊತ್ತೇ?

ನೋವಿಲ್ಲದ ಗಾಯವೇ ಹೆಚ್ಚು ಮೋಸ ಮಾಡುತ್ತದೆ, ಗೊತ್ತೇ?

ಮೂಗಿನ ಬದಿಯಲ್ಲೋ ಕಣ್ಣಿನ ಕೆಳಗೋ ಜೋಳದ ಕಾಳಿನಷ್ಟು ಚಿಕ್ಕ ಗುಳ್ಳೆ ಏಳುತ್ತದೆ. ಮುಖ ಒರೆಸುವಾಗ ಟವೆಲ್ ತಾಗಿ ರಕ್ತ ಜಿನುಗುತ್ತದೆ. ಹಕ್ಕಳೆ ಕಟ್ಟುತ್ತದೆ, ಎಂಟು ದಿನಕ್ಕೆ ಉದುರುತ್ತದೆ, ಮಾಯ್ದಂತೆ ಕಾಣುತ್ತದೆ. ಮತ್ತೆ ಹದಿನೈದು ದಿನಕ್ಕೆ ಅದೇ ಜಾಗ, ಅದೇ ರಕ್ತ. ಉರಿಯಿಲ್ಲ, ಕೀವಿಲ್ಲ, ಜ್ವರವಿಲ್ಲ. ಜಮಖಂಡಿ, ಮುಧೋಳದ ಕಡೆ ಯಾವುದೇ ದವಾಖಾನೆಯಲ್ಲಿ ಇಂಥ ಗಾಯ ಹೊತ್ತು ಬಂದ ಹಿರಿಯರನ್ನು ಕೇಳಿದರೆ ಮಾತು ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. "ಅಜ್ಜಾರ, ಇದು ಎಷ್ಟು ದಿನದ್ದು?" "ಹೋದ ವರ್ಷ ಕಬ್ಬು ಕಡಿಯೂ ಮುಂದ ಆಗಿತ್ರಿ. ಏನೂ ನೋವಿಲ್ಲ, ಅದಕ್ಕ ಬಿಟ್ಟೇನ್ರಿ." ನೋವಿಲ್ಲದ್ದಕ್ಕೇ ಬಿಟ್ಟರು. ಆದರೆ ಮಾಮೂಲಿ ಗಾಯವಾಗಿದ್ದರೆ ಮೊದಲು ನೋಯಬೇಕಿತ್ತು, ಆಮೇಲೆ ಎರಡು ಮೂರು ವಾರದಲ್ಲಿ ಮಾಯಬೇಕಿತ್ತು. ಎರಡೂ ಆಗದೆ ತಿಂಗಳು ದಾಟಿದ ಮುಖದ ಗಾಯವನ್ನು ಚರ್ಮದ ಕ್ಯಾನ್ಸರ್ ಇರಬಹುದೇ ಎಂದು ನೋಡಲೇಬೇಕು.

ಇದರ ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ, ಗೊತ್ತೇ?

ಚರ್ಮದ ಮೇಲ್ಪದರದ ಅತಿ ಕೆಳಗಿನ ಸಾಲಿನಲ್ಲಿರುವ ಜೀವಕೋಶಗಳಿಗೆ ಬೇಸಲ್ ಕೋಶ ಎನ್ನುತ್ತಾರೆ. ಹೊಸ ಚರ್ಮ ಹುಟ್ಟುವುದು ಅಲ್ಲಿಂದಲೇ. ಬಿಸಿಲಿನ ನೇರಳಾತೀತ ಕಿರಣ ವರ್ಷಗಟ್ಟಲೆ ಬಿದ್ದು ಆ ಕೋಶಗಳೊಳಗಿನ ಡಿಎನ್‌ಎ ಕೆಟ್ಟರೆ, ಕೋಶಗಳು ಲಗಾಮಿಲ್ಲದೆ ಹೆಚ್ಚತೊಡಗುತ್ತವೆ. ಪ್ರಪಂಚದಲ್ಲಿ ಬಿಳಿ ಚರ್ಮದವರಿಗೆ ಬರುವ ಕ್ಯಾನ್ಸರ್‌ಗಳಲ್ಲೆಲ್ಲ ಇದೇ ಅತಿ ಸಾಮಾನ್ಯ. ನಮ್ಮ ಚರ್ಮದ ಕಪ್ಪು ಬಣ್ಣ ಒಂದು ಮಟ್ಟಕ್ಕೆ ಕಾಯುತ್ತದೆ, ಅದಕ್ಕೇ ಭಾರತದಲ್ಲಿ ಕಡಿಮೆ. ಕಡಿಮೆ ಎಂದರೆ ಇಲ್ಲವೆಂದಲ್ಲ.

ಕಾಯುವ ಬಣ್ಣವೇ ಈ ರೋಗವನ್ನು ಮರೆಮಾಡುತ್ತದೆ, ಗೊತ್ತೇ?

ವಿದೇಶಿ ಪುಸ್ತಕದ ಚಿತ್ರದಲ್ಲಿ ಈ ಗುಳ್ಳೆ ಕೆಂಪಗೆ, ಮುತ್ತಿನಂತೆ ಹೊಳೆಯುತ್ತಿರುತ್ತದೆ. ನಮ್ಮ ಚರ್ಮದ ಮೇಲೆ ಅದು ಬಹಳ ಸಲ ಕಪ್ಪಾಗಿಯೇ ಕಾಣುತ್ತದೆ. ಮನೆಯವರು "ಮಚ್ಚೆ ಐತಿ, ಮೊದಲಿಂದಾನೂ ಇತ್ತು" ಎನ್ನುತ್ತಾರೆ. ಕೆಲವೊಮ್ಮೆ ಊರ ಡಾಕ್ಟರರೂ ಹಾಗೇ ತಿಳಿಯುತ್ತಾರೆ. ಮಚ್ಚೆಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಹಗಲು ಬೆಳಕಿನಲ್ಲಿ ಹೀಗೆ ನೋಡಿ. ಗುಳ್ಳೆಯ ಎರಡೂ ಬದಿಗೆ ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಅಂಚು ದಾರ ಸುತ್ತಿದಂತೆ ಸ್ವಲ್ಪ ಎದ್ದು, ಒದ್ದೆಯಾದಂತೆ ಹೊಳೆಯುತ್ತಿದೆಯೇ? ನಡುವೆ ತಗ್ಗಿದೆಯೇ, ಅಲ್ಲಿ ಹಕ್ಕಳೆ ಇದೆಯೇ? ಅಂಚಿನ ಮೇಲೆ ಕೂದಲೆಳೆಯಂಥ ಕೆಂಪು ರಕ್ತನಾಳ ಹರಿದಿದೆಯೇ? ಹುಟ್ಟುಮಚ್ಚೆ ವರ್ಷಗಟ್ಟಲೆ ಇದ್ದ ಹಾಗೇ ಇರುತ್ತದೆ, ತಾನಾಗಿ ಹಕ್ಕಳೆ ಕಟ್ಟಿ ರಕ್ತ ಸೋರುವುದಿಲ್ಲ. ಐವತ್ತು ದಾಟಿದವರ ಮುಖದಲ್ಲಿ ಹೊಸದಾಗಿ ಎದ್ದ ಕಪ್ಪು ಗುಳ್ಳೆ ರಕ್ತ ಸೋರಿದರೆ ಅದನ್ನು ಮಚ್ಚೆ ಎಂದು ಬಿಡಬಾರದು.

ಗಾಯವೇ ಇಲ್ಲದ ಬಗೆಯೂ ಒಂದಿದೆ. ಹಳೇ ಗಾಯದ ಕಲೆಯಂತೆ ಬೆಳ್ಳಗೆ, ಗಟ್ಟಿಯಾಗಿ, ಚಪ್ಪಟೆಯಾಗಿ ಇರುತ್ತದೆ. ಆ ಜಾಗದಲ್ಲಿ ಯಾವತ್ತೂ ಪೆಟ್ಟು ಬಿದ್ದೇ ಇಲ್ಲ, ಆದರೂ ಕಲೆ ಬಂದಿದೆ ಎಂದಾದರೆ ತೋರಿಸಿ. ಇದರ ಬೇರು ಕಣ್ಣಿಗೆ ಕಾಣುವ ಅಂಚಿಗಿಂತ ಬಹಳ ದೂರ ಹೋಗಿರುತ್ತದೆ.

ಗಾಂಧಿ ಟೋಪಿ ಮೂಗಿಗೆ ನೆರಳು ಕೊಡುವುದಿಲ್ಲ, ಗೊತ್ತೇ?

ನಮ್ಮ ಭಾಗದ ಹಿರಿಯರ ತಲೆಯ ಮೇಲೆ ಬಿಳಿ ಟೋಪಿಯೋ ರುಮಾಲೋ ಇರುತ್ತದೆ. ಎರಡೂ ನೆತ್ತಿಯನ್ನು ಕಾಯುತ್ತವೆ, ಮುಂದೆ ಚಾಚಿದ ಅಂಚಿಲ್ಲದ ಕಾರಣ ಮೂಗು, ಕೆನ್ನೆ, ಕೆಳಗಣ್ಣು ಬಿಸಿಲಿಗೇ ಉಳಿಯುತ್ತವೆ. ಈ ಕ್ಯಾನ್ಸರ್ ಹೆಚ್ಚಾಗಿ ಏಳುವುದೂ ಅಲ್ಲೇ: ಕಿವಿಯ ಹಾಲೆಯಿಂದ ಬಾಯಿಯ ಮೂಲೆಗೆ ಗೆರೆ ಎಳೆದರೆ ಅದರ ಮೇಲಿನ ಭಾಗದಲ್ಲಿ. ಮುಧೋಳ, ಜಮಖಂಡಿಯ ಕಬ್ಬಿನ ಹೊಲದಲ್ಲಿ ದುಡಿದವರು, ಬೀಳಗಿಯ ಕಡೆ ಕುರಿ ಕಾದವರು ಬಾಲ್ಯದಿಂದಲೂ ಬಿಸಿಲು ಉಂಡವರು. ರಬಕವಿ-ಬನಹಟ್ಟಿಯ ನೇಕಾರರು ಮಗ್ಗದ ಮನೆಯ ನೆರಳಲ್ಲಿದ್ದರೂ ಪೂರ್ತಿ ಹೊರಗುಳಿದವರಲ್ಲ, ಏಕೆಂದರೆ ಚಿಕ್ಕಂದಿನಲ್ಲಿ ಬಿದ್ದ ಬಿಸಿಲಿನ ಪೆಟ್ಟೂ ದಶಕಗಳ ನಂತರ ಲೆಕ್ಕಕ್ಕೆ ಬರುತ್ತದೆ.

ಹೆಂಗಸರ ಮೂಗಿನ ಹೊಳ್ಳೆಯ ಗಾಯಕ್ಕೆ ಮೂಗುತಿಯ ಮೇಲೆ ತಪ್ಪು ಹಾಕುತ್ತಾರೆ, ಮೂಗಿನ ಏಣಿನ ಗಾಯಕ್ಕೆ ಚಾಳೀಸಿನ ಒತ್ತಿನ ಮೇಲೆ. ಪರೀಕ್ಷೆ ಸುಲಭ. ಮೂಗುತಿ ತೆಗೆದು ಅಥವಾ ಚಾಳೀಸು ಬದಲಿಸಿ ಒಂದು ತಿಂಗಳು ನೋಡಿ. ಒತ್ತಿನ ಗಾಯವಾದರೆ ಮಾಯುತ್ತದೆ.

ಇದಕ್ಕೆ 'ಇಲಿ ಕಡಿದ ಹುಣ್ಣು' ಎಂಬ ಹೆಸರಿತ್ತು, ಗೊತ್ತೇ?

1827ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಕಣ್ಣಿನ ವೈದ್ಯ ಆರ್ಥರ್ ಜೇಕಬ್, ರೆಪ್ಪೆ ಮತ್ತು ಮುಖವನ್ನು ವರ್ಷಾನುಗಟ್ಟಲೆ ನಿಧಾನವಾಗಿ ತಿನ್ನುವ ವಿಚಿತ್ರ ಹುಣ್ಣಿನ ಬಗ್ಗೆ ಬರೆದರು. ಇಲಿ ಕಡಿದಂತೆ ಅಂಚು ಕೊರೆಯುತ್ತ ಹೋಗುವುದರಿಂದ ಮುಂದೆ ಆ ಹೆಸರು ನಿಂತಿತು. ಈ ಕ್ಯಾನ್ಸರ್ ರಕ್ತದ ಮೂಲಕ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗುವುದು ತೀರ ಅಪರೂಪ. ಪ್ರಾಣ ತೆಗೆಯುವುದೂ ಅಪರೂಪ. ಆದರೆ ಇದ್ದಲ್ಲೇ ಇದ್ದು ಚರ್ಮ, ಅದರಡಿಯ ಮೃದ್ವಸ್ಥಿ, ಕೊನೆಗೆ ಎಲುಬನ್ನೂ ತಿನ್ನುತ್ತದೆ. ಮೂಗಿನ ಹೊಳ್ಳೆ ತೂತಾಗಿ, ರೆಪ್ಪೆ ಕರಗಿ, ಕಣ್ಣನ್ನೇ ತೆಗೆಯಬೇಕಾದ ಸ್ಥಿತಿಗೆ ಬಂದವರಿದ್ದಾರೆ. ಕಣ್ಣಿನ ಒಳಮೂಲೆ, ಮೂಗು ಮತ್ತು ಕೆನ್ನೆ ಕೂಡುವ ಸಂದು, ಕಿವಿಯ ಸುತ್ತ: ಈ ಮೂರು ಜಾಗಗಳಲ್ಲಿ ಅದು ಆಳಕ್ಕಿಳಿಯುವುದು ಹೆಚ್ಚು, ತೆಗೆದ ಮೇಲೆ ಮರಳಿ ಬರುವುದೂ ಹೆಚ್ಚು. ಇಲ್ಲಿ ಗಾಯವಿದ್ದರೆ ತಿಂಗಳು ಕಾಯುವುದೂ ಬೇಡ.

ವಾರಗಳಲ್ಲೇ ದಪ್ಪಗೆ ಬೆಳೆದು, ಮೇಲೆ ಗಟ್ಟಿ ಸಿಪ್ಪೆ ಕಟ್ಟಿ, ಕುತ್ತಿಗೆಯಲ್ಲಿ ಗಂಟು ಕಾಣಿಸಿದರೆ ಅದು ಬೇರೆ ಬಗೆಯ ಚರ್ಮದ ಕ್ಯಾನ್ಸರ್ ಇರಬಹುದು. ಹೆಸರು ಸ್ಕ್ವೇಮಸ್ ಸೆಲ್. ಕೆಳತುಟಿಯ ಮೇಲೆ ಅದೇ ಹೆಚ್ಚು. ಅದು ದೇಹದಲ್ಲಿ ಹರಡಬಲ್ಲದು, ಆದ್ದರಿಂದ ಅವಸರ ಇನ್ನೂ ಹೆಚ್ಚು.

"ಕತ್ತರಿ ಹಚ್ಚಿದ್ರ ಕ್ಯಾನ್ಸರ್ ಹಬ್ಬತೈತಿ" ಎಂಬುದು ಸುಳ್ಳು, ಗೊತ್ತೇ?

ಚಿಕಿತ್ಸೆ ತಡವಾಗಲು ನಮ್ಮ ಊರುಗಳಲ್ಲಿ ಈ ಒಂದು ಮಾತು ಸಾಕು. ಬಯಾಪ್ಸಿ ಎಂದರೆ ಇಷ್ಟೇ: ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೂರು ನಾಲ್ಕು ಮಿಲಿಮೀಟರ್ ಅಗಲದ ಕೊಳವೆ ಬ್ಲೇಡಿನಿಂದ ಗಾಯದ ಅಂಚಿನ ಒಂದು ತುಣುಕು ತೆಗೆಯುತ್ತಾರೆ. ಒಂದು ಹೊಲಿಗೆ ಬೀಳಬಹುದು, ಬೀಳದೆಯೂ ಇರಬಹುದು. ತುಣುಕನ್ನು ಫಾರ್ಮಾಲಿನ್ ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ರೋಗಿ ಅದೇ ದಿನ ಮನೆಗೆ ಹೋಗುತ್ತಾನೆ. ಇದರಿಂದ ಬೇಸಲ್ ಸೆಲ್ ಕ್ಯಾನ್ಸರ್ ಹಬ್ಬುವುದಿಲ್ಲ. ಬಯಾಪ್ಸಿ ಇಲ್ಲದೆ ಯಾವ ಬಗೆ, ಎಷ್ಟು ಅಂಚು ಬಿಟ್ಟು ಕತ್ತರಿಸಬೇಕು ಎಂದು ಸರ್ಜನ್‌ಗೂ ಗೊತ್ತಾಗುವುದಿಲ್ಲ. ಗುಳ್ಳೆಯನ್ನು ಒಮ್ಮೆಗೇ ಪೂರ್ತಿ ಕಿತ್ತರೆ ಆ ತುಣುಕನ್ನೂ ಲ್ಯಾಬಿಗೆ ಕಳಿಸಲೇಬೇಕು. "ಸಾಹೇಬ್ರ, ತೆಗೆದದ್ದನ್ನ ಪರೀಕ್ಷೆಗೆ ಕಳಿಸೀರೇನ್ರಿ?" ಎಂದು ಕೇಳಲು ಸಂಕೋಚ ಬೇಡ. ಕೆಲವು ಕಡೆ ಅದು ಕಸದ ಬುಟ್ಟಿ ಸೇರುತ್ತದೆ, ಎರಡು ವರ್ಷದ ಮೇಲೆ ಅದೇ ಜಾಗದಲ್ಲಿ ಗಾಯ ಮರಳಿದಾಗ ಮೊದಲು ಏನಿತ್ತು ಎಂದು ಹೇಳುವವರೇ ಇರುವುದಿಲ್ಲ.

ಎಕ್ಕೆಯ ಹಾಲು ಮೇಲಿನದನ್ನಷ್ಟೇ ಸುಡುತ್ತದೆ, ಗೊತ್ತೇ?

ಮಚ್ಚೆ ಸುಡಲು ಎಕ್ಕೆಯ ಹಾಲು, ಸುಣ್ಣ ಹಚ್ಚುವವರು ಈಗಲೂ ಇದ್ದಾರೆ. ಮೆಡಿಕಲ್ ಅಂಗಡಿಯಿಂದ ತಂದ ಸ್ಟೀರಾಯ್ಡ್ ಬೆರೆತ ಕ್ರೀಮು ಇನ್ನೊಂದು ದಾರಿ. ಸುಟ್ಟ ಜಾಗದ ಮೇಲೆ ಹೊಸ ಚರ್ಮ ಮುಚ್ಚಿಕೊಳ್ಳುತ್ತದೆ, ಎಲ್ಲರಿಗೂ ಸಮಾಧಾನ. ಅಡಿಯಲ್ಲಿ ಉಳಿದ ಕೋಶಗಳು ಮುಚ್ಚಿದ ಚರ್ಮದ ಕೆಳಗೆ ಅಡ್ಡಡ್ಡ ಹರಡುತ್ತವೆ. ಮರಳಿ ಮೇಲೆ ಬರುವ ಹೊತ್ತಿಗೆ ಗಾಯ ಮೊದಲಿಗಿಂತ ದೊಡ್ಡದಾಗಿರುತ್ತದೆ.

ಗಮನಿಸಬೇಕಾದ ಸಂಗತಿ ಎಂದರೆ, ಈ ರೋಗಕ್ಕೆ ಇಂದು ಇರುವ ಅತ್ಯುತ್ತಮ ಶಸ್ತ್ರಚಿಕಿತ್ಸೆ ಕೂಡ ಸುಡುವ ಲೇಪದಿಂದಲೇ ಶುರುವಾಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರೆಡರಿಕ್ ಮೋಸ್ ಎಂಬ ಸರ್ಜನ್ 1930ರ ದಶಕದಲ್ಲಿ ಗಾಯಕ್ಕೆ ಜಿಂಕ್ ಕ್ಲೋರೈಡ್ ಲೇಪ ಹಚ್ಚಿ, ಗಟ್ಟಿಯಾದ ಪದರವನ್ನು ಕತ್ತರಿಸಿ, ಅದರ ಅಡಿಯನ್ನು ಪೂರ್ತಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕ್ಯಾನ್ಸರ್ ಎಲ್ಲಿ ಉಳಿದಿದೆಯೋ ಅಲ್ಲಷ್ಟೇ ಮತ್ತೆ ಲೇಪ, ಮತ್ತೆ ಪದರ. ಊರ ಮದ್ದಿಗೂ ಮೋಸ್ ಅವರ ಲೇಪಕ್ಕೂ ಇದ್ದ ವ್ಯತ್ಯಾಸ ಆ ಸೂಕ್ಷ್ಮದರ್ಶಕ. ಮುಂದೆ ಲೇಪ ಹೋಗಿ, ತುಣುಕನ್ನು ಹೆಪ್ಪುಗಟ್ಟಿಸಿ ಅರ್ಧ ಗಂಟೆ, ಗಂಟೆಯಲ್ಲಿ ನೋಡುವ ಪದ್ಧತಿ ಬಂತು. ಇದೇ ಮೋಸ್ ಸರ್ಜರಿ. ಮೊದಲ ಸಲದ ಗಾಯದಲ್ಲಿ 100ಕ್ಕೆ ಸುಮಾರು 99 ಜನರಿಗೆ ಐದು ವರ್ಷದವರೆಗೆ ರೋಗ ಮರಳಿಲ್ಲ.

ಸಾಮಾನ್ಯ ಲ್ಯಾಬಿನಲ್ಲಿ ತುಣುಕನ್ನು ಹೋಳು ಹೋಳಾಗಿ ಕತ್ತರಿಸಿ ಕೆಲವನ್ನು ನೋಡುತ್ತಾರೆ. ಹೋಳುಗಳ ನಡುವೆ ಉಳಿದ ಬೇರು ತಪ್ಪಿಹೋಗಬಹುದು. ಕಲ್ಲಂಗಡಿಯ ನಾಲ್ಕು ಹೋಳು ನೋಡುವುದಕ್ಕೂ ಅದರ ಸಿಪ್ಪೆಯನ್ನು ಇಡಿಯಾಗಿ ಸುಲಿದು ಹರಡಿ ನೋಡುವುದಕ್ಕೂ ಇರುವ ಅಂತರವಿದು. ಮೋಸ್ ಮಾಡುವವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಕೈಲಾಗುವ ದಾರಿ ಇದೆ: ಗಾಯ ಕತ್ತರಿಸಿ, ಡ್ರೆಸ್ಸಿಂಗ್ ಮಾಡಿ ಹಾಗೇ ಬಿಟ್ಟು, ಅಂಚಿನಲ್ಲಿ ಕ್ಯಾನ್ಸರ್ ಇಲ್ಲ ಎಂಬ ವರದಿ ಬಂದ ಮೇಲೆ ಮುಚ್ಚುವುದು. ಕಣ್ಣು, ಮೂಗಿನ ಹತ್ತಿರದ ಗಾಯಕ್ಕೆ ಈ ಕಾಯುವಿಕೆ ಸಾರ್ಥಕ.

ತಡದ ಲೆಕ್ಕ ಮಿಲಿಮೀಟರಿನಲ್ಲಿದೆ, ಗೊತ್ತೇ?

ಎರಡು ಸೆಂಟಿಮೀಟರಿಗಿಂತ ಚಿಕ್ಕದಾದ, ಅಂಚು ಸ್ಪಷ್ಟವಾಗಿರುವ ಗಾಯಕ್ಕೆ ಸುತ್ತಲೂ 4 ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆಯುವುದು ರೂಢಿ. ಹಾಗೆ ತೆಗೆದರೆ 100ರಲ್ಲಿ 95ಕ್ಕೂ ಹೆಚ್ಚು ಸಲ ಅಂಚು ಶುದ್ಧವಾಗಿ ಸಿಗುತ್ತದೆ. ಈಗ ಮೂಗಿನ ಹೊಳ್ಳೆಯ ಮೇಲಿನ ಒಂದು ಗಾಯ ಎಂದಿಟ್ಟುಕೊಳ್ಳಿ. 6 ಮಿಲಿಮೀಟರ್ ಇದ್ದಾಗ ಬಂದರೆ 6ಕ್ಕೆ ಎರಡು ಬದಿಯ 4 ಮತ್ತು 4 ಸೇರಿ 14 ಮಿಲಿಮೀಟರಿನ ಕುಳಿ. ಪಕ್ಕದ ಚರ್ಮ ಸರಿಸಿ ಅಥವಾ ಕೆನ್ನೆಯ ಮಡಿಕೆಯಿಂದ ತುಸು ಚರ್ಮ ತಿರುಗಿಸಿ ಮುಚ್ಚಬಹುದು. 18 ಮಿಲಿಮೀಟರ್ ಆಗುವವರೆಗೆ ಬಿಟ್ಟರೆ ಕುಳಿ 26 ಮಿಲಿಮೀಟರ್. ಅಷ್ಟು ಹೊತ್ತಿಗೆ ಹೊಳ್ಳೆಯೇ ಹೋಗಿರುತ್ತದೆ. ಆಗ ಹಣೆಯ ಚರ್ಮ ಬೇಕು.

ಹಣೆಯ ಚರ್ಮದಿಂದ ಮೂಗು ಕಟ್ಟುವ ವಿದ್ಯೆ ನಮ್ಮ ನೆಲದಿಂದ ಲಂಡನ್ನಿಗೆ ಹೋಯಿತು, ಗೊತ್ತೇ?

ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬುವನು ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕ. ಅವನ ಮೂಗು ಮತ್ತು ಒಂದು ಕೈ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಇಂಗ್ಲಿಷ್ ವೈದ್ಯರಿಬ್ಬರು ಅದನ್ನು ಕಣ್ಣಾರೆ ಕಂಡರು. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝಿನ್ 1794ರ ಅಕ್ಟೋಬರ್ ಸಂಚಿಕೆಯಲ್ಲಿ ವಿವರ ಅಚ್ಚಾಯಿತು.

ಆ ವಿವರ ಓದಿದರೆ ಕೆಲಸಗಾರನ ಕೈಚಳಕಕ್ಕೆ ತಲೆಬಾಗಬೇಕೆನಿಸುತ್ತದೆ. ಮೂಗಿನ ಮೋಟಿನ ಮೇಲೆ ತೆಳ್ಳನೆ ಮೇಣದ ಹಾಳೆ ಕೂಡಿಸಿ ಮೂಗಿನ ಆಕಾರ ಮಾಡಿದ. ಆ ಮೇಣವನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಗುಂಟ ಚರ್ಮ ಬಿಡಿಸಿ, ಹುಬ್ಬುಗಳ ನಡುವಿನ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿ, ಚರ್ಮವನ್ನು ತಿರುಗಿಸಿ ಕೆಳಗಿಳಿಸಿದ. ಹೊಲಿಗೆ ಇಲ್ಲ. ಎಲೆಯಡಿಕೆಗೆ ಹಾಕುವ ಕಾಚನ್ನು ನೀರಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಬಳಿದು ಅಂಟಿಸಿದ. ನಾಲ್ಕು ದಿನದ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ಸುಮಾರು 25ನೇ ದಿನ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸಿದ.

ಆ ಪಟ್ಟಿಯನ್ನು ಯಾಕೆ ಉಳಿಸಿದ? ಅದರೊಳಗೆ ಹುಬ್ಬಿನ ಒಳತುದಿಯಿಂದ ಹಣೆಗೆ ಏರುವ ರಕ್ತನಾಳವಿದೆ. ಹೊಸ ಜಾಗದಲ್ಲಿ ಚರ್ಮ ಬೇರೂರುವ ತನಕ ಅದರ ಜೀವ ಆ ನಾಳ. ಇಂದು ಕ್ಯಾನ್ಸರ್ ತೆಗೆದ ಮೂಗನ್ನು ಕಟ್ಟುವ ಪ್ಲಾಸ್ಟಿಕ್ ಸರ್ಜನ್‌ಗಳೂ ಅದೇ ನಾಳ ಉಳಿಸಿ, ಅದೇ ಹಣೆಯ ಚರ್ಮ ತಿರುಗಿಸಿ, ಸಾಮಾನ್ಯವಾಗಿ ಮೂರು ವಾರದ ಮೇಲೆ ಪಟ್ಟಿ ಕತ್ತರಿಸುತ್ತಾರೆ. ಆ ಮೂರು ವಾರ ಹುಬ್ಬಿನಿಂದ ಮೂಗಿಗೆ ಚರ್ಮದ ಸೇತುವೆ ಕಾಣುತ್ತದೆ. ನೋಡಲು ಬಂದ ನೆಂಟರು ಗಾಬರಿಯಾಗದಂತೆ ಮೊದಲೇ ಹೇಳಿಡುವುದು ಒಳ್ಳೆಯದು.

ವಯಸ್ಸಾಯಿತೆಂದು ಚಿಕಿತ್ಸೆ ಬಿಡಬೇಕಿಲ್ಲ, ಗೊತ್ತೇ?

"ಎಂಬತ್ತಾಗೇತಿ, ಈಗ ಆಪರೇಶನ್ ಯಾಕ" ಎನ್ನುವ ಮಕ್ಕಳಿದ್ದಾರೆ. ಚಿಕ್ಕ ಗಾಯ ತೆಗೆಯಲು ಪೂರ್ತಿ ಅರಿವಳಿಕೆ ಬೇಡ, ಜಾಗ ಮರಗಟ್ಟಿಸಿದರೆ ಸಾಕು. ಬಿಪಿ, ಶುಗರ್ ಇದ್ದವರಿಗೂ ಮಾಡುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುತ್ತಿದ್ದರೆ ಮಾತ್ರ ಮೊದಲೇ ತಿಳಿಸಬೇಕು, ಹೇಳದೆ ತಾವೇ ನಿಲ್ಲಿಸಬಾರದು.

ಕತ್ತರಿಸಲು ಆಗದವರಿಗೆ ರೇಡಿಯೇಶನ್ ಇದೆ. ನೋವಿಲ್ಲದ ಚಿಕಿತ್ಸೆ, ಆದರೆ ಕೆಲವು ವಾರ ದಿನವೂ ಹೋಗಿ ಬರಬೇಕು, ನಡುವೆ ತಪ್ಪಿಸಬಾರದು. ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಂಥ ಕಡೆ ಇದು ಸಿಗುತ್ತದೆ. ತೀರ ಮೇಲ್ಮೈಯಲ್ಲಷ್ಟೇ ಇರುವ ಬಗೆಗೆ ಇಮಿಕ್ವಿಮಾಡ್ ಎಂಬ ಕ್ರೀಮು ಇದೆ. ವಾರಕ್ಕೆ ಐದು ದಿನ, ಆರು ವಾರ ಹಚ್ಚಬೇಕು. ಹಚ್ಚಿದ ಜಾಗ ಕೆಂಪಾಗಿ ಸಿಪ್ಪೆ ಏಳುವುದು ಮದ್ದು ಕೆಲಸ ಮಾಡುತ್ತಿರುವ ಗುರುತು. ಅಪಾಯ ಕಡಿಮೆ ಇರುವ ಗಾಯಗಳಲ್ಲಿ ಬ್ರಿಟನ್ನಿನಲ್ಲಿ ಹೋಲಿಸಿ ನೋಡಿದಾಗ ಐದು ವರ್ಷದ ಕೊನೆಗೆ ಕ್ರೀಮು 100ರಲ್ಲಿ ಸುಮಾರು 82 ಜನರಿಗೆ, ಕತ್ತರಿ ಸುಮಾರು 98 ಜನರಿಗೆ ಫಲ ಕೊಟ್ಟಿತ್ತು. ಕತ್ತರಿಯೇ ಮೇಲು ಎಂಬುದು ನನ್ನ ಅಭಿಪ್ರಾಯವೂ ಹೌದು.

ಒಕ್ಕಣ್ಣಿನ ಕುರಿಮರಿಗಳು ಈ ಕ್ಯಾನ್ಸರಿನ ಮದ್ದಿಗೆ ದಾರಿ ತೋರಿದವು, ಗೊತ್ತೇ?

ಕುರಿ ಸಾಕುವ ನಮ್ಮ ಭಾಗದವರಿಗೆ ಇದು ಇಷ್ಟವಾಗಬೇಕು. 1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಹಿಂಡುಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಮರಿಗಳು ಹುಟ್ಟಿದವು. ಸಂಶೋಧಕರು ಹಿಂಡಿನ ಜೊತೆ ಬೇಸಿಗೆಗಳನ್ನು ಕಳೆದು ಕಾರಣ ಹುಡುಕಿದರು. ಗಬ್ಬದ 14ನೇ ದಿನದ ಹೊತ್ತಿಗೆ ತಾಯಿಕುರಿ ಒಂದು ಕಾಡುಗಿಡ ಮೇಯ್ದಿದ್ದರೆ ಮರಿ ಹಾಗೆ ಹುಟ್ಟುತ್ತಿತ್ತು. ಗಿಡದ ವಿಷಕ್ಕೆ ಸೈಕ್ಲೋಪಮೈನ್ ಎಂದು ಹೆಸರಿಟ್ಟರು. ಭ್ರೂಣ ಬೆಳೆಯುವಾಗ ಕೋಶಗಳಿಗೆ ಅಪ್ಪಣೆ ಕೊಡುವ 'ಹೆಜ್‌ಹಾಗ್' ಎಂಬ ಸಂಕೇತವನ್ನು ಅದು ತಡೆಯುತ್ತದೆ ಎಂದು 1998ರ ಹೊತ್ತಿಗೆ ತಿಳಿಯಿತು. ಬೇಸಲ್ ಸೆಲ್ ಕ್ಯಾನ್ಸರಿನಲ್ಲಿ ಅದೇ ಸಂಕೇತ ನಿಲ್ಲದೆ ಹೊಡೆದುಕೊಳ್ಳುತ್ತಿರುತ್ತದೆ. ಅದನ್ನು ತಡೆಯುವ ವಿಸ್ಮೊಡೆಗಿಬ್ ಗುಳಿಗೆಗೆ 2012ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕತ್ತರಿಗೂ ರೇಡಿಯೇಶನ್ನಿಗೂ ಮೀರಿದ ಗಾಯಕ್ಕೆ ಮಾತ್ರ ಇದು. ಸ್ನಾಯು ಸೆಳೆತ ಬರುತ್ತದೆ, ನಾಲಿಗೆಯ ರುಚಿ ಹೋಗುತ್ತದೆ, ಕೂದಲು ಉದುರುತ್ತದೆ. ನಿಲ್ಲಿಸಿದರೆ ರೋಗ ಮರಳುವುದೂ ಉಂಟು. ಗರ್ಭಿಣಿಯರು ಮುಟ್ಟಲೇಬಾರದು, ಕುರಿಮರಿಗಳ ಕಥೆಯೇ ಅದಕ್ಕೆ ಕಾರಣ.

ಮಕ್ಕಳಿಗೂ ಬರಬಹುದು, ಗೊತ್ತೇ?

ಅಪರೂಪ, ಆದರೆ ಸೋದರಮಾವ, ಅತ್ತೆಮಕ್ಕಳಲ್ಲಿ ಮದುವೆಯಾಗುವ ನಮ್ಮ ಕಡೆ ನೆನಪಿಡಬೇಕಾದದ್ದು. ಕ್ಸೆರೋಡರ್ಮಾ ಪಿಗ್ಮೆಂಟೋಸಮ್ ಎಂಬ ಹುಟ್ಟು ರೋಗದಲ್ಲಿ ಬಿಸಿಲಿನಿಂದ ಕೆಟ್ಟ ಡಿಎನ್‌ಎ ರಿಪೇರಿಯಾಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಇದು ಕಾಣಿಸುತ್ತದೆ. ಎರಡು ವರ್ಷ ತುಂಬುವ ಮೊದಲೇ ಮಗುವಿನ ಮುಖದ ತುಂಬ ಕಪ್ಪು ಚುಕ್ಕೆ ಎದ್ದು, ಬಿಸಿಲಿಗೆ ಕಣ್ಣು ಬಿಡಲು ಆಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಇಂಥ ಮಕ್ಕಳಿಗೆ ಹತ್ತು ವರ್ಷದೊಳಗೇ ಮುಖದಲ್ಲಿ ಕ್ಯಾನ್ಸರ್ ಏಳಬಹುದು.

ಒಮ್ಮೆ ತೆಗೆದರೆ ಮುಗಿಯಲಿಲ್ಲ, ಗೊತ್ತೇ?

ಬಿಡುಗಡೆಯ ದಿನ ಲ್ಯಾಬಿನ ವರದಿ ಕೇಳಿ ಪಡೆಯಿರಿ. ಅದರಲ್ಲಿ ಎರಡು ವಿಷಯ ಇರಬೇಕು: ಯಾವ ಬಗೆ, ಮತ್ತು ಸುತ್ತಲಿನ ಹಾಗೂ ಅಡಿಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೋ ಇಲ್ಲವೋ. ಉಳಿದಿದೆ ಎಂದಿದ್ದರೆ ಗಾಯ ಚೆನ್ನಾಗಿ ಮಾಯ್ದರೂ ಮತ್ತೆ ಚಿಕಿತ್ಸೆ ಬೇಕಾಗುತ್ತದೆ. ಮರಳಿ ಬರುವುದು ಬಹುಪಾಲು ಐದು ವರ್ಷದೊಳಗೆ, ಹಾಗಾಗಿ ಅಲ್ಲಿಯವರೆಗೆ ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಒಮ್ಮೆ ಬಂದವರ ಮುಖದಲ್ಲಿ ಬೇರೆ ಕಡೆ ಹೊಸದು ಏಳುವ ಸಾಧ್ಯತೆಯೂ ಇದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದ ವೈದ್ಯರಿಲ್ಲದಿದ್ದರೆ ಸರ್ಜನ್ ನೋಡಿದರೂ ಸರಿ. ಮುಂದಕ್ಕೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಅಥವಾ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳಿವೆ. ನಮ್ಮವರು ರೂಢಿಯಂತೆ ಮಿರಜ್, ಸಾಂಗಲಿಗೂ ಹೋಗುತ್ತಾರೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅದಕ್ಕಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಪಡೆಯಿರಿ, ಆಪರೇಶನ್ ಆದ ಮೇಲೆ ಚೀಟಿಗೆ ಓಡಾಡಿದರೆ ಉಪಯೋಗವಿಲ್ಲ.

ಮನೆಯ ಹಿರಿಯರನ್ನು ಈ ವಾರ ಹಗಲು ಬೆಳಕಿಗೆ ಕೂಡಿಸಿ, ಚಾಳೀಸು ತೆಗೆಸಿ, ಮೂಗಿನ ಬದಿ, ಕಣ್ಣಿನ ಮೂಲೆ, ಕಿವಿಯ ಹಿಂದೆ ನೋಡಿ. ತಿಂಗಳು ದಾಟಿದ ಗಾಯ ಕಂಡರೆ ಕರೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿ.